ಎಲೆಕ್ಟ್ರಿಕ್ ಕಾರು ಬುಕ್ ಮಾಡುವ ಮೊದಲು ಮನೆಯ ಕರೆಂಟನ್ನು ಅಳೆದು ನೋಡಿ: ಕೊಡಗಿನ ಒಂದು ತೋಟದ ಮನೆಯ ಲೆಕ್ಕ

ಪೊನ್ನಂಪೇಟೆ ಕಡೆಯ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಅಣ್ಣ ಎಲೆಕ್ಟ್ರಿಕ್ ಕಾರು ಕೊಳ್ಳಲು ನಿರ್ಧರಿಸಿದಾಗ, ಮುಂಗಡ ಕಟ್ಟುವ ಮೊದಲು ಒಂದು ಸಂಜೆ ಮನೆಯ ವೋಲ್ಟೇಜ್ ಅಳೆದು ನೋಡೋಣ ಎಂದು ನಾನು ಒತ್ತಾಯಿಸಿದೆ. ಹೀಗೆ ಒತ್ತಾಯಿಸಲು ಕಾರಣವಿತ್ತು. ಪರಿಚಯದ ಇನ್ನೊಂದು ಮನೆಗೆ ಕಾರು ಬಂದ ಮೇಲೆ ಚಾರ್ಜರ್ ಕೂರಿಸಲು ಬಂದವರು ಶೆಡ್ಡಿನ ಪ್ಲಗ್ಗನ್ನು ನೋಡಿ, ಇಲ್ಲಿ ಆಗುವುದಿಲ್ಲ ಎಂದು ಹೇಳಿ ಹೋಗಿದ್ದರು. ಆ ಮನೆಯವರು ಒಂದೂವರೆ ತಿಂಗಳು ಕಾರನ್ನು ಪೇಟೆಗೆ ಒಯ್ದು ಚಾರ್ಜ್ ಮಾಡಿಸಬೇಕಾಯಿತು. ಕಾರಿನ ಬೆಲೆ, ಬಣ್ಣ, ಒಂದು ಚಾರ್ಜಿಗೆ ಎಷ್ಟು ದೂರ ಎಂಬುದನ್ನೆಲ್ಲ ವಾರಗಟ್ಟಲೆ ವಿಚಾರಿಸುವ ನಾವು, ಕಂಬದಿಂದ ಮನೆಗೆ ಬರುವ ತಂತಿಯ ಬಗ್ಗೆ ಯಾರನ್ನೂ ಕೇಳುವುದಿಲ್ಲ. ಕೊಡಗಿನಲ್ಲಿ ಮನೆಗಳು ಒಂದರಿಂದ ಒಂದು ದೂರವಿರುತ್ತವೆ, ಟ್ರಾನ್ಸ್‌ಫಾರ್ಮರ್ ತೋಟದ ಆಚೆ ಬದಿಯಲ್ಲಿರುತ್ತದೆ, ಕಾರಿನ ಶೆಡ್ಡು ಮನೆಯಿಂದ ಇಳಿಜಾರಿನ ಕೆಳಗಿರುತ್ತದೆ. ಹೀಗಾಗಿ ಇಲ್ಲಿ ಚಾರ್ಜಿಂಗಿನ ವೇಗವನ್ನು ನಿರ್ಧರಿಸುವುದು ಚಾರ್ಜರ್ ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯಲ್ಲ. ಟ್ರಾನ್ಸ್‌ಫಾರ್ಮರಿನಿಂದ ಶೆಡ್ಡಿನವರೆಗಿನ ತಂತಿಯ ಉದ್ದ ಮತ್ತು ದಪ್ಪ.

ಅಳೆಯುವ ಕ್ರಮ ಸರಳವಾಗಿದೆ, ಆದರೆ ಅದನ್ನು ಪರವಾನಗಿ ಇರುವ ವೈರಿಂಗ್ ಗುತ್ತಿಗೆದಾರರ ಕೈಯಲ್ಲೇ ಮಾಡಿಸಬೇಕು. ಸಂಜೆ ಏಳು ಗಂಟೆಯ ಹೊತ್ತಿಗೆ, ಸುತ್ತಲಿನ ಮನೆಗಳಲ್ಲೆಲ್ಲ ದೀಪ, ಟಿವಿ, ಗೀಸರ್ ಹಾಕಿರುವಾಗ, ನಮ್ಮ ವೈರ್‌ಮನ್ ಶೆಡ್ಡಿನ 16 ಆಂಪಿಯರ್ ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದರು. 224 ವೋಲ್ಟ್ ತೋರಿಸಿತು. ಅಣ್ಣನಿಗೆ ಸಮಾಧಾನವಾಯಿತು. ಆದರೆ ವೈರ್‌ಮನ್, "ಸಾರ್, ಖಾಲಿ ಲೈನಿನಲ್ಲಿ ವೋಲ್ಟೇಜ್ ಚೆನ್ನಾಗಿಯೇ ಇರುತ್ತದೆ, ಭಾರ ಹಾಕಿ ನೋಡಬೇಕು" ಎಂದು, ಮನೆಯೊಳಗಿನಿಂದ 2,000 ವ್ಯಾಟಿನ ರೂಮ್ ಹೀಟರನ್ನು ತರಿಸಿ ಅದೇ ಪ್ಲಗ್ಗಿಗೆ ಹಾಕಿದರು. ಹೀಟರಿನ ಕಂಬಿ ಕೆಂಪಾಗುತ್ತಿದ್ದಂತೆ ಮಲ್ಟಿಮೀಟರಿನ ಅಂಕಿ 214ಕ್ಕೆ ಇಳಿಯಿತು. ಹೀಟರ್ ಹಾಗೆಯೇ ಉರಿಯುತ್ತಿರುವಾಗ ಮೇಲೆ ಮನೆಯ ಮೀಟರ್ ಬೋರ್ಡಿನಲ್ಲಿ ನೋಡಿದರೆ 218 ಇತ್ತು.

ಈ ಮೂರು ಅಂಕಿಗಳಲ್ಲಿ ಆ ಮನೆಯ ಪೂರ್ತಿ ಕಥೆ ಇದೆ. ಅಷ್ಟು ವೋಲ್ಟೇಜಿನಲ್ಲಿ ಆ ಹೀಟರ್ ಎಳೆಯುವುದು ಸುಮಾರು 8 ಆಂಪಿಯರ್. ಒಟ್ಟು ಕುಸಿತ 10 ವೋಲ್ಟ್. ಅದರಲ್ಲಿ 6 ವೋಲ್ಟ್ ಮೀಟರಿನಿಂದ ಆಚೆಗೆ, ಅಂದರೆ ಟ್ರಾನ್ಸ್‌ಫಾರ್ಮರ್, ಕಂಬದ ತಂತಿ ಮತ್ತು ಸರ್ವಿಸ್ ವೈರಿನಲ್ಲಿ ಹೋಯಿತು. ಉಳಿದ 4 ವೋಲ್ಟ್ ಮೀಟರಿನಿಂದ ಶೆಡ್ಡಿಗೆ ಎಳೆದ 35 ಮೀಟರ್ ತಂತಿಯಲ್ಲಿ ಹೋಯಿತು. ಕುಸಿತವನ್ನು ಕರೆಂಟಿನಿಂದ ಭಾಗಿಸಿದರೆ ತಂತಿಯ ತಡೆ ಸಿಗುತ್ತದೆ: ಮೀಟರಿನ ಆಚೆ ಸುಮಾರು 0.75 ಓಮ್, ಈಚೆ ಸುಮಾರು 0.5 ಓಮ್. ಶೆಡ್ಡಿಗೆ ಹಾಕಿದ್ದ ತಂತಿ 2.5 ಚದರ ಮಿಲಿಮೀಟರಿನ ತಾಮ್ರದ್ದು. ಅಂಥ ತಂತಿಗೆ ಕಿಲೋಮೀಟರಿಗೆ 7.4 ಓಮ್ ತಡೆ ಇರುತ್ತದೆ. ಹೋಗಿ ಬರುವ ದಾರಿ 70 ಮೀಟರ್ ಎಂದರೆ ಅರ್ಧ ಓಮ್ ಆಗುತ್ತದೆ. ಲೆಕ್ಕ ಸರಿಹೊಂದಿತು, ಅಂದರೆ ನಡುವೆ ಎಲ್ಲೂ ಸಡಿಲವಾದ ಜಾಯಿಂಟ್ ಇರಲಿಲ್ಲ. ಅಳತೆಯಲ್ಲಿ ಬಂದ ತಡೆ ಈ ಲೆಕ್ಕಕ್ಕಿಂತ ಬಹಳ ಹೆಚ್ಚಿದ್ದರೆ, ಕಾರಿನ ಮಾತನ್ನು ಬದಿಗಿಟ್ಟು ಮೊದಲು ಸುಟ್ಟ ಸ್ವಿಚ್ಚನ್ನೋ ತುಕ್ಕು ಹಿಡಿದ ಜಾಯಿಂಟನ್ನೋ ಹುಡುಕಬೇಕು.

ಈಗ ಇದೇ ದಾರಿಯಲ್ಲಿ ಕಾರಿಗೆ ಚಾರ್ಜ್ ಮಾಡಿದರೆ ಏನಾಗುತ್ತದೆ ಎಂದು ನೋಡೋಣ. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟಿನ ಚಾರ್ಜರ್ 32 ಆಂಪಿಯರ್ ಎಳೆಯುತ್ತದೆ. ಒಟ್ಟು 1.25 ಓಮ್ ತಡೆಯಲ್ಲಿ 32 ಆಂಪಿಯರ್ ಹರಿದರೆ 40 ವೋಲ್ಟ್ ಕುಸಿದು, ಶೆಡ್ಡಿನಲ್ಲಿ 184 ವೋಲ್ಟ್ ಉಳಿಯುತ್ತದೆ. ಇಷ್ಟು ಇಳಿದರೆ ಚಾರ್ಜರ್ ನಿಂತೇ ಹೋಗಬಹುದು. ಅದಕ್ಕಿಂತ ಮುಖ್ಯವಾಗಿ, 2.5 ಚದರ ಮಿಲಿಮೀಟರಿನ ತಂತಿ 32 ಆಂಪಿಯರನ್ನು ಗಂಟೆಗಟ್ಟಲೆ ತಾಳುವ ತಂತಿಯೇ ಅಲ್ಲ. ಶೆಡ್ಡಿಗೆ ದಪ್ಪ ಕೇಬಲ್ ಎಳೆದರೆ ಈಚೆಯ ಅರ್ಧ ಓಮ್ 0.13 ಓಮಿನಷ್ಟಕ್ಕೆ ಇಳಿಯುತ್ತದೆ. ಆದರೆ ಆಚೆಯ 0.75 ಓಮ್ ಹಾಗೆಯೇ ಇರುತ್ತದೆ, ಅದು ನಮ್ಮ ಕೈಯಲ್ಲಿಲ್ಲ. ಆಗಲೂ 32 ಆಂಪಿಯರಿಗೆ ಶೆಡ್ಡಿನಲ್ಲಿ ಸಿಗುವುದು 196 ವೋಲ್ಟ್ ಮಾತ್ರ, ಮತ್ತು ದಾರಿಯ ತಂತಿಗಳಲ್ಲಿ ಸುಮಾರು 900 ವ್ಯಾಟ್ ಬಿಸಿಯಾಗಿ ವ್ಯರ್ಥವಾಗುತ್ತದೆ. ಅದೇ ಕೇಬಲ್ಲಿನಲ್ಲಿ 16 ಆಂಪಿಯರ್ ಎಳೆದರೆ ಕುಸಿತ 14 ವೋಲ್ಟ್, ಶೆಡ್ಡಿನಲ್ಲಿ 210 ವೋಲ್ಟ್, ವ್ಯರ್ಥವಾಗುವುದು 225 ವ್ಯಾಟಿನಷ್ಟು. ಕರೆಂಟು ಅರ್ಧವಾದರೆ ತಂತಿಯ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದು ಇಲ್ಲಿ ನಮಗೆ ಬಹಳ ಅನುಕೂಲದ ವಿಷಯ.

ಹಾಗಾದರೆ 16 ಆಂಪಿಯರ್ ಸಾಕಾಗುತ್ತದೆಯೇ? ಅಣ್ಣನ ಓಡಾಟವನ್ನೇ ತೆಗೆದುಕೊಳ್ಳುತ್ತೇನೆ. ತೋಟ, ಗೋಣಿಕೊಪ್ಪ, ವಿರಾಜಪೇಟೆ, ಮಕ್ಕಳ ಶಾಲೆ ಎಲ್ಲ ಸೇರಿ ದಿನಕ್ಕೆ 60 ಕಿಲೋಮೀಟರ್. ನಮ್ಮ ಏರಿಳಿತದ ರಸ್ತೆಯಲ್ಲಿ 100 ಕಿಲೋಮೀಟರಿಗೆ 15 ಯೂನಿಟ್ ಎಂದು ಹಿಡಿದರೆ ದಿನಕ್ಕೆ 9 ಯೂನಿಟ್ ಬ್ಯಾಟರಿಗೆ ಬೇಕು, ಚಾರ್ಜಿಂಗಿನಲ್ಲಿ ಕಳೆಯುವುದನ್ನು ಸೇರಿಸಿದರೆ ಮೀಟರಿನಲ್ಲಿ 10 ಯೂನಿಟ್ ಓಡುತ್ತದೆ. 210 ವೋಲ್ಟಿನಲ್ಲಿ 16 ಆಂಪಿಯರ್ ಎಂದರೆ 3.3 ಕಿಲೋವ್ಯಾಟಿಗೆ ಸ್ವಲ್ಪ ಹೆಚ್ಚು. ಮೂರು ಗಂಟೆಯಲ್ಲಿ ಆ ದಿನದ ಖರ್ಚು ತುಂಬುತ್ತದೆ. ರಾತ್ರಿ ಎಂಟು ಗಂಟೆ ಬಿಟ್ಟರೆ ಸುಮಾರು 160 ಕಿಲೋಮೀಟರ್ ಓಡುವಷ್ಟು ಸೇರುತ್ತದೆ, ಅಂದರೆ ಬೆಳಿಗ್ಗೆ ಎದ್ದು ಮೈಸೂರಿಗೆ ಹೋಗಲು ಅಡ್ಡಿಯಿಲ್ಲ. 45 ಯೂನಿಟ್ಟಿನ ಬ್ಯಾಟರಿ ಪೂರ್ತಿ ಖಾಲಿಯಾಗಿ ಬಂದ ದಿನ ಮಾತ್ರ ಹದಿನೈದು ಗಂಟೆ ಕಾಯಬೇಕು. ಅಂಥ ದಿನ ವರ್ಷಕ್ಕೆ ಎಷ್ಟು ಬರುತ್ತದೆ ಎಂದು ಪ್ರತಿಯೊಬ್ಬರೂ ತಮ್ಮ ಓಡಾಟ ನೋಡಿ ಹೇಳಬೇಕು. ನನ್ನ ಅಭಿಪ್ರಾಯದಲ್ಲಿ ಕೊಡಗಿನ ಬಹುತೇಕ ಮನೆಗಳಿಗೆ 16 ಆಂಪಿಯರಿನ ಚಾರ್ಜಿಂಗ್ ಧಾರಾಳವಾಗಿ ಸಾಕು.

ಇಲ್ಲಿ ಒಂದು ಅನುಕೂಲವಿದೆ, ಅದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಗೋಡೆಯ ಚಾರ್ಜರ್ ನಿಜವಾಗಿ ಬ್ಯಾಟರಿಗೆ ಚಾರ್ಜ್ ಮಾಡುವ ಯಂತ್ರವಲ್ಲ. ಮನೆಯ ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ ಕಾರಿನ ಒಳಗೇ ಇರುತ್ತದೆ, ಅದನ್ನು ಆನ್‌ಬೋರ್ಡ್ ಚಾರ್ಜರ್ ಎನ್ನುತ್ತಾರೆ. ಗೋಡೆಯ ಪೆಟ್ಟಿಗೆಯ ಕೆಲಸ ಎರಡು: ಸುರಕ್ಷಿತವಾಗಿ ಕರೆಂಟು ಬಿಡುವುದು, ಮತ್ತು ಒಂದು ಸಣ್ಣ ತಂತಿಯ ಸಂಕೇತದ ಮೂಲಕ 'ಇಲ್ಲಿ ಇಷ್ಟು ಆಂಪಿಯರ್ ಮಾತ್ರ ಎಳೆಯಬಹುದು' ಎಂದು ಕಾರಿಗೆ ತಿಳಿಸುವುದು. ಕಾರು ಆ ಮಿತಿಯನ್ನು ಮೀರುವುದಿಲ್ಲ. ಆದ್ದರಿಂದ 32 ಆಂಪಿಯರಿನ ಅನೇಕ ಪೆಟ್ಟಿಗೆಗಳನ್ನು ಕೂರಿಸುವಾಗಲೇ ಒಳಗಿನ ಸ್ವಿಚ್ಚಿನಿಂದಲೋ ಆ್ಯಪಿನಿಂದಲೋ 16 ಆಂಪಿಯರಿಗೆ ಇಳಿಸಿ ಇಡಬಹುದು. ಮುಂದೆ ಲೈನು ಸುಧಾರಿಸಿದರೆ ಪೆಟ್ಟಿಗೆ ಬದಲಿಸದೆ ಮಿತಿಯನ್ನು ಏರಿಸಿದರೆ ಆಯಿತು. ಆರ್ಡರ್ ಕೊಡುವ ಮೊದಲು, ಈ ಚಾರ್ಜರಿನ ಆಂಪಿಯರ್ ಇಳಿಸಲು ಬರುತ್ತದೆಯೇ, ಯಾರು ಇಳಿಸಿಕೊಡುತ್ತಾರೆ ಎಂಬ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಆನ್‌ಬೋರ್ಡ್ ಚಾರ್ಜರಿನ ಮಿತಿಯನ್ನು ನೋಡುವುದೂ ಇಷ್ಟೇ ಮುಖ್ಯ. ಒಂದೇ ಹೆಸರಿನ ಕಾರಿನ ಬೇರೆ ಬೇರೆ ಮಾದರಿಗಳಲ್ಲಿ ಇದು ಬೇರೆಯಾಗಿರುತ್ತದೆ. ಟಾಟಾ ಟಿಯಾಗೊ ಇವಿ 3.3 ಕಿಲೋವ್ಯಾಟಿನ ಮತ್ತು 7.2 ಕಿಲೋವ್ಯಾಟಿನ ಆಯ್ಕೆಗಳೊಂದಿಗೆ ಬಂದದ್ದು ಇದಕ್ಕೊಂದು ಉದಾಹರಣೆ. 3.3 ಕಿಲೋವ್ಯಾಟಿನ ಕಾರಿಗೆ 7.2 ಕಿಲೋವ್ಯಾಟಿನ ಪೆಟ್ಟಿಗೆ ಕೂರಿಸಿದರೂ ಕಾರು ಎಳೆಯುವುದು 3.3 ಮಾತ್ರ. ಇದಕ್ಕಿಂತ ದುಬಾರಿ ತಪ್ಪು ಮೂರು ಫೇಸಿನದು. ನಮ್ಮ ಮನೆಗೆ ತ್ರೀ ಫೇಸ್ ಇದೆ, 11 ಅಥವಾ 22 ಕಿಲೋವ್ಯಾಟಿನ ಚಾರ್ಜರ್ ಹಾಕಿಸೋಣ ಎಂದು ಹಲವರು ಹೊರಡುತ್ತಾರೆ. ಆದರೆ 7.2 ಕಿಲೋವ್ಯಾಟಿನ ಆನ್‌ಬೋರ್ಡ್ ಚಾರ್ಜರ್ ಸಾಮಾನ್ಯವಾಗಿ ಒಂದೇ ಫೇಸಿನದು. ಅದು ಮೂರು ಫೇಸಿನಲ್ಲಿ ಒಂದನ್ನು ಮಾತ್ರ ಬಳಸಿ, ಅದರ ಮೇಲೆಯೇ 32 ಆಂಪಿಯರ್ ಹೇರುತ್ತದೆ. ಆಗ ಗೀಸರನ್ನೂ ನೀರಿನ ಮೋಟಾರನ್ನೂ ಉಳಿದ ಎರಡು ಫೇಸಿಗೆ ಬದಲಿಸದಿದ್ದರೆ ತ್ರೀ ಫೇಸ್ ಇದ್ದೂ ವೋಲ್ಟೇಜ್ ಡಲ್ ಆಗುತ್ತದೆ. 11 ಕಿಲೋವ್ಯಾಟಿನ ಮೂರು ಫೇಸಿನ ಆನ್‌ಬೋರ್ಡ್ ಚಾರ್ಜರ್ ಇರುವ ಕಾರಾದರೆ ಮಾತು ಬೇರೆ: ಅದು ಪ್ರತಿ ಫೇಸಿನಲ್ಲಿ 16 ಆಂಪಿಯರಿನಂತೆ ಹಂಚಿಕೊಂಡು ಎಳೆಯುವುದರಿಂದ ಉದ್ದದ ಲೈನಿಗೂ ಹಗುರವಾಗುತ್ತದೆ.

ಕನೆಕ್ಟರಿನ ವಿಚಾರ ಹೊಸ ಕಾರುಗಳ ಮಟ್ಟಿಗೆ ಈಗ ಬಹಳ ಸರಳವಾಗಿದೆ. ಮನೆಯ ಎಸಿ ಚಾರ್ಜಿಂಗಿಗೆ ಟೈಪ್ 2, ಹೆದ್ದಾರಿಯ ವೇಗದ ಡಿಸಿ ಚಾರ್ಜಿಂಗಿಗೆ ಸಿಸಿಎಸ್ 2. ಟೈಪ್ 2 ಎಂದರೆ ಮೇಲೆ ಚಪ್ಪಟೆಯಾದ ದುಂಡು ಮುಖದಲ್ಲಿ ಏಳು ಪಿನ್ನುಗಳು. ಅದರ ಕೆಳಗೆ ಎರಡು ದಪ್ಪ ಪಿನ್ನುಗಳ ಜಾಗವೂ ಇದ್ದರೆ ಅದು ಸಿಸಿಎಸ್ 2. ಕಾರಿನ ಬದಿಯಲ್ಲಿ ಸಿಸಿಎಸ್ 2 ಇದ್ದರೆ ಮನೆಯ ಟೈಪ್ 2 ಅದರ ಮೇಲಿನ ಅರ್ಧಕ್ಕೆ ನೇರವಾಗಿ ಕೂರುತ್ತದೆ. ಎಚ್ಚರ ಬೇಕಾದದ್ದು ಹಳೆಯ ಕಾರು ಕೊಳ್ಳುವವರಿಗೆ. ಟ್ಯಾಕ್ಸಿ, ಸರ್ಕಾರಿ ಕಚೇರಿಗಳಲ್ಲಿ ಓಡಿದ ಹಿಂದಿನ ಕೆಲವು ಸೆಡಾನ್ ಕಾರುಗಳಲ್ಲಿ ಡಿಸಿ ಚಾರ್ಜಿಂಗಿಗೆ ಭಾರತ್ ಡಿಸಿ 001 ಎಂಬ ಬೇರೆ ಬಗೆಯ ಕನೆಕ್ಟರ್ ಇರುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಅಂಥದನ್ನು ತಂದರೆ ಮನೆಯಲ್ಲಿ ಹೇಗೋ ನಡೆಯುತ್ತದೆ, ದಾರಿಯ ಸಿಸಿಎಸ್ 2 ಗನ್ನು, ಅಂದರೆ ಚಾರ್ಜರ್ ಕೇಬಲ್ಲಿನ ತುದಿಯ ಹಿಡಿಕೆ, ಅದಕ್ಕೆ ಹಿಡಿಯುವುದಿಲ್ಲ. ಮುಚ್ಚಳ ತೆರೆದು ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಡಬೇಕು. ಮುಚ್ಚಳ ಎಲ್ಲಿದೆ ಎಂಬುದನ್ನೂ ಗಮನಿಸಿ. ಕೆಲವು ಕಾರುಗಳಲ್ಲಿ ಅದು ಮುಂದಿನ ಗ್ರಿಲ್ಲಿನಲ್ಲಿ, ಕೆಲವುಗಳಲ್ಲಿ ಹಿಂದಿನ ಚಕ್ರದ ಮೇಲೆ ಇರುತ್ತದೆ. ನಮ್ಮ ಇಳಿಜಾರಿನ ಅಂಗಳಗಳಲ್ಲಿ ಕಾರನ್ನು ತಿರುಗಿಸಿ ನಿಲ್ಲಿಸಲು ಜಾಗವಿರುವುದಿಲ್ಲವಾದ್ದರಿಂದ, ಚಾರ್ಜರಿನ ಐದು ಮೀಟರ್ ಕೇಬಲ್ ಮುಟ್ಟುವಂತೆ ಪೆಟ್ಟಿಗೆಯ ಗೋಡೆಯನ್ನು ಮೊದಲೇ ಆರಿಸಬೇಕು.

ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರನ್ನು ಇದ್ದ ಪ್ಲಗ್ಗಿಗೆ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಪ್ಲಗ್ಗು ಸರಿಯಿದ್ದರೆ ಸಾಕು. ಆದರೆ ಗೀಸರ್ ಕಾಲು ಗಂಟೆ ಉರಿದು ನಿಲ್ಲುತ್ತದೆ, ಕಾರು ಹತ್ತು ಗಂಟೆ ಒಂದೇ ಸಮನೆ ಎಳೆಯುತ್ತದೆ ಎಂಬ ವ್ಯತ್ಯಾಸವನ್ನು ನೆನಪಿಡಬೇಕು. ಗೀಸರಿಗೆ ವರ್ಷಗಟ್ಟಲೆ ಏನೂ ಆಗದ ಪ್ಲಗ್ಗು ಕಾರಿಗೆ ಒಂದೇ ವಾರದಲ್ಲಿ ಕರಗಿದ್ದನ್ನು ನಾನು ನೋಡಿದ್ದೇನೆ: ಬಲಗಡೆಯ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ ಉಬ್ಬಿತ್ತು. ಒಂದು ಗಂಟೆ ಚಾರ್ಜ್ ಆದ ಮೇಲೆ ಚಾರ್ಜಿಂಗ್ ನಿಲ್ಲಿಸಿ, ಪ್ಲಗ್ಗಿನ ಮುಖವನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಸಾಕೆಟ್ಟನ್ನೂ ಹಿಂದಿನ ತಂತಿಯನ್ನೂ ಬದಲಿಸದೆ ಮತ್ತೆ ಹಾಕಬೇಡಿ. ಎಕ್ಸ್‌ಟೆನ್ಷನ್ ಬಾಕ್ಸು, ಅಡಾಪ್ಟರುಗಳನ್ನು ಎಂದಿಗೂ ಬಳಸಬಾರದು.

ಇನ್ನು ಅರ್ತಿಂಗ್. ಕೊಡಗಿನ ಮನೆಗಳಲ್ಲಿ ಅತಿ ಹೆಚ್ಚು ತೊಂದರೆ ಬರುವುದು ಇಲ್ಲಿಯೇ, ಮತ್ತು ಅತಿ ಅಪಾಯದ ಅಡ್ಡದಾರಿಯೂ ಇಲ್ಲಿಯೇ ಇದೆ. ಚಾರ್ಜರ್ ತನಗೆ ಅರ್ತ್ ಇದೆಯೇ ಎಂದು ಪರೀಕ್ಷಿಸಿ, ಇಲ್ಲವಾದರೆ ಕೆಂಪು ದೀಪ ಹಾಕಿ ನಿಲ್ಲುತ್ತದೆ. ಮಳೆಗಾಲದಲ್ಲಿ ನೆಲ ನೆಂದಿರುವಾಗ ಹಳೆಯ ಅರ್ತ್ ಗುಂಡಿಯೂ ಒಳ್ಳೆಯ ಅಂಕಿ ತೋರಿಸುತ್ತದೆ. ಅದೇ ಗುಂಡಿ ಮಾರ್ಚಿನಲ್ಲಿ, ಹೂಮಳೆ ಬೀಳುವ ಮೊದಲು, ಜಂಬಿಟ್ಟಿಗೆಯ ನೆಲ ಒಣಗಿದಾಗ ಕೆಲಸ ಮಾಡದಿರಬಹುದು. ಅರ್ತ್ ಟೆಸ್ಟರಿನಿಂದ ಅಳೆಸುವುದಾದರೆ ಬೇಸಿಗೆಯಲ್ಲಿ ಅಳೆಸಿ. ಚಾರ್ಜರ್ ಕೂರಿಸುವವರು ಸಾಮಾನ್ಯವಾಗಿ 5 ಓಮಿಗಿಂತ ಕಡಿಮೆ ಕೇಳುತ್ತಾರೆ.

ಕೆಂಪು ದೀಪ ಬಂದಾಗ ಕೆಲವರು ಸಾಕೆಟ್ಟಿನ ಹಿಂದೆ ನ್ಯೂಟ್ರಲ್ಲಿನಿಂದ ಅರ್ತ್ ಪಿನ್ನಿಗೆ ಒಂದು ತುಂಡು ತಂತಿ ಸೇರಿಸಿ ಚಾರ್ಜರನ್ನು ನಂಬಿಸುತ್ತಾರೆ. ಇದು ಜೀವ ತೆಗೆಯುವ ಕೆಲಸ. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ತಂತಿ ಮಾತ್ರ ಕಡಿದುಹೋಗುವುದು ನಮ್ಮಲ್ಲಿ ಅಪರೂಪವೇನಲ್ಲ. ಆ ಕ್ಷಣದಲ್ಲಿ ಮನೆಯ ನ್ಯೂಟ್ರಲ್ ತಂತಿಗೆ, ಮನೆಯೊಳಗಿನ ದೀಪ, ಫ್ರಿಜ್ಜುಗಳ ಮೂಲಕ, ಫೇಸಿನ ವೋಲ್ಟೇಜ್ ಬಂದು ಕೂರುತ್ತದೆ. ನ್ಯೂಟ್ರಲ್ಲನ್ನು ಅರ್ತ್ ಪಿನ್ನಿಗೆ ಸೇರಿಸಿದ್ದರೆ ಅದೇ ವೋಲ್ಟೇಜ್ ಕಾರಿನ ಇಡೀ ಲೋಹದ ಮೈಗೆ ಬರುತ್ತದೆ. ಒದ್ದೆ ಅಂಗಳದಲ್ಲಿ ನಿಂತು ಬಾಗಿಲು ತೆರೆಯುವವರ ಕೈಗೆ ಸಿಗುವುದು ಅದು. ನಿಮ್ಮ ವೈರ್‌ಮನ್ ಹೀಗೆ ಮಾಡಿಕೊಡುತ್ತೇನೆ ಎಂದರೆ ಅವರನ್ನು ಆಗಲೇ ಕಳುಹಿಸಿಬಿಡಿ.

ಅರ್ತ್ ತೊಂದರೆ ಎಂದು ಚಾರ್ಜರ್ ಹೇಳಿದರೂ ಎಷ್ಟೋ ಸಲ ತಪ್ಪು ಅರ್ತಿನದಾಗಿರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಉದ್ದದ ಲೈನಿನಲ್ಲಿ ಕುಸಿಯುವ ವೋಲ್ಟೇಜಿನ ಸುಮಾರು ಅರ್ಧ ನ್ಯೂಟ್ರಲ್ ತಂತಿಯಲ್ಲಿ ಕುಸಿಯುತ್ತದೆ. ಹಾಗಾಗಿ 16 ಆಂಪಿಯರಿನ ಭಾರ ಹಾಕಿದಾಗ ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಏಳೆಂಟು ವೋಲ್ಟು, 32 ಆಂಪಿಯರಿನಲ್ಲಿ ಅದರ ಎರಡರಷ್ಟು, ಕಾಣಿಸಿಕೊಳ್ಳಬಹುದು. ಕೆಲವು ಚಾರ್ಜರುಗಳು ಇದನ್ನೇ ಅರ್ತ್ ದೋಷವೆಂದು ಎಣಿಸಿ, ಚಾರ್ಜಿಂಗ್ ಶುರುವಾದ ಒಂದೆರಡು ನಿಮಿಷದಲ್ಲಿ ನಿಲ್ಲಿಸುತ್ತವೆ. ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ಭಾರವಿಲ್ಲದಾಗಲೇ ನ್ಯೂಟ್ರಲ್ ಮತ್ತು ಅರ್ತಿನ ನಡುವೆ ಹೆಚ್ಚು ವೋಲ್ಟೇಜ್ ಇದ್ದರೆ ಅರ್ತ್ ತಂತಿಯನ್ನೋ ಗುಂಡಿಯನ್ನೋ ನೋಡಬೇಕು. ಭಾರವಿಲ್ಲದಾಗ ಕಡಿಮೆಯಿದ್ದು ಹೀಟರ್ ಹಾಕಿದೊಡನೆ ಏರಿದರೆ ತಡೆ ಇರುವುದು ನ್ಯೂಟ್ರಲ್ಲಿನಲ್ಲಿ. ಆಗ ಹೊಸ ಅರ್ತ್ ಗುಂಡಿ ತೋಡಿಸಿದರೂ ಹಣ ಮಣ್ಣಿಗೆ ಹೋದಂತೆ. ಜನರೇಟರಿನಲ್ಲಿ ಚಾರ್ಜ್ ಆಗುತ್ತಿಲ್ಲ ಎನ್ನುವವರ ತೊಂದರೆಯೂ ಇದಕ್ಕೆ ಹತ್ತಿರದ್ದೇ: ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ ಅರ್ತಿಗೆ ಸೇರಿರುವುದಿಲ್ಲ. ಅದನ್ನು ಸರಿಪಡಿಸಬೇಕಾದದ್ದು ಜನರೇಟರಿನ ಬಳಿ, ಬಲ್ಲವರ ಕೈಯಿಂದ. ಶೆಡ್ಡಿನ ಸಾಕೆಟ್ಟಿನಲ್ಲಿ ಅಲ್ಲವೇ ಅಲ್ಲ.

ರಕ್ಷಣೆಯ ಸಾಧನಗಳಲ್ಲಿ ಒಂದು ಮಾತನ್ನು ವಿವರವಾಗಿ ಹೇಳಬೇಕು. ಕರೆಂಟು ಸೋರಿದರೆ ಲೈನನ್ನು ತಾನಾಗಿ ಕಡಿಯುವ ಸ್ವಿಚ್ಚು ಆರ್‌ಸಿಸಿಬಿ, ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು ಅದರ 'ಎಸಿ' ಬಗೆಯದು. ಕಾರಿನ ಚಾರ್ಜರಿನಿಂದ ಡಿಸಿ ಕರೆಂಟು ಸೋರಿದರೆ ಅಂಥ ಆರ್‌ಸಿಸಿಬಿ ಮಂಕಾಗಿ, ನಿಜವಾದ ಶಾಕ್ ಹೊಡೆಯುವ ಹೊತ್ತಿಗೆ ಟ್ರಿಪ್ ಆಗದೆ ಉಳಿಯಬಹುದು. ಆದ್ದರಿಂದ ಕಾರಿನ ಲೈನಿಗೆ ಪ್ರತ್ಯೇಕವಾಗಿ 30 ಮಿಲಿ ಆಂಪಿಯರಿನ 'ಎ' ಬಗೆಯ ಆರ್‌ಸಿಸಿಬಿ ಹಾಕಿ, 6 ಮಿಲಿ ಆಂಪಿಯರ್ ಡಿಸಿ ಸೋರಿಕೆಯನ್ನು ಕಂಡುಹಿಡಿಯುವ ಭಾಗ ಗೋಡೆಯ ಪೆಟ್ಟಿಗೆಯೊಳಗೇ ಇದೆಯೆಂದು ಖಚಿತಪಡಿಸಿಕೊಳ್ಳಬೇಕು. ಅದಿಲ್ಲದ ಪೆಟ್ಟಿಗೆಯಾದರೆ ದುಬಾರಿಯಾದ 'ಬಿ' ಬಗೆಯದೇ ಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸುವುದು ಒಳ್ಳೆಯದು. ಅದನ್ನು ಹಾಕಿಸಿದ ಮೇಲೂ ಸಿಡಿಲು ಬಡಿಯುವಾಗ ಗನ್ನು ತೆಗೆದಿಡುವುದೇ ಉತ್ತಮ.

ಇನ್ನು ಕೇಬಲ್ಲಿನ ಆಯ್ಕೆ. 35 ಮೀಟರಿಗೆ 10 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲಿಗೂ 16 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ಲಿಗೂ ತಡೆ ಹೆಚ್ಚುಕಡಿಮೆ ಒಂದೇ, 0.13 ಓಮಿನಷ್ಟು. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಹೊರಗೆ ಮಣ್ಣಿನಲ್ಲಿ ಹೂಳುವ ಉದ್ದದ ಭಾಗಕ್ಕೆ ಆರ್ಮರ್ಡ್ ಅಲ್ಯೂಮಿನಿಯಂ ಕೇಬಲ್ ಹಾಕುವುದು ನನ್ನ ಆಯ್ಕೆ. ಆದರೆ ಅಲ್ಯೂಮಿನಿಯಂ ತಂತಿಯನ್ನು ಹಿತ್ತಾಳೆಯ ಟರ್ಮಿನಲ್ಲಿಗೆ ನೇರವಾಗಿ ಸಿಕ್ಕಿಸಿದರೆ ನಮ್ಮ ತೇವದಲ್ಲಿ ಒಂದೆರಡು ಮಳೆಗಾಲ ಕಳೆಯುವುದರೊಳಗೆ ಜಾಯಿಂಟು ಬಿಸಿಯಾಗತೊಡಗುತ್ತದೆ. ಅಲ್ಯೂಮಿನಿಯಂ ಮತ್ತು ತಾಮ್ರ ಎರಡೂ ಸೇರಿದ ಬೈಮೆಟಾಲಿಕ್ ಲಗ್ ಒತ್ತಿ, ಕೇಬಲ್ಲನ್ನು ಶೆಡ್ಡಿನ ಒಂದು ಸ್ವಿಚ್ ಪೆಟ್ಟಿಗೆಯಲ್ಲಿ ಮುಗಿಸಿ, ಅಲ್ಲಿಂದ ಚಾರ್ಜರಿಗೆ ಒಂದೆರಡು ಮೀಟರ್ ತಾಮ್ರದ ತಂತಿ ಕೊಡಬೇಕು. ಕೇಬಲ್ಲು ಮುಕ್ಕಾಲು ಮೀಟರ್ ಆಳದಲ್ಲಿ, ಕೆಳಗೆ ಮೇಲೆ ಮರಳು, ಅದರ ಮೇಲೆ ಇಟ್ಟಿಗೆಯ ಸಾಲು ಇಟ್ಟು ಹೂತಿರಲಿ. ಕಾಫಿ ಗಿಡದ ಬುಡ ಬಿಡಿಸುವವರ ಗುದ್ದಲಿ ತಾಗುವುದು ಮೇಲಿನ ಮಣ್ಣಿಗೇ.

ಅಣ್ಣನ ಮನೆಯಲ್ಲಿ ಕೊನೆಗೆ ಆದ ಖರ್ಚು ಹೀಗಿತ್ತು. ಚಾರ್ಜರ್ ಪೆಟ್ಟಿಗೆ ಕಾರಿನ ಜೊತೆಗೇ ಬಂದಿತ್ತು. 40 ಮೀಟರ್ ಮೂರು ಕೋರಿನ ಅಲ್ಯೂಮಿನಿಯಂ ಕೇಬಲ್ಲಿಗೆ ಸುಮಾರು 8,000 ರೂಪಾಯಿ, ಗುಂಡಿ ತೋಡಿ ಮುಚ್ಚಲು 5,000, ಆರ್‌ಸಿಸಿಬಿ, ಎಂಸಿಬಿ, ಸರ್ಜ್ ಪ್ರೊಟೆಕ್ಟರ್ ಸೇರಿದ ಪೆಟ್ಟಿಗೆಗಳಿಗೆ 9,000, ಶೆಡ್ಡಿನ ಬಳಿ ಹೊಸ ಅರ್ತ್ ಗುಂಡಿ ಮಾಡಿ ಮನೆಯ ಅರ್ತಿಗೆ ಸೇರಿಸಲು 7,000, ಲಗ್ಗು, ಗ್ಲ್ಯಾಂಡುಗಳಿಗೆ 2,500, ಗುತ್ತಿಗೆದಾರರ ಕೂಲಿ ಮತ್ತು ಕಾಗದಪತ್ರಕ್ಕೆ 6,000. ಒಟ್ಟು 37,500 ರೂಪಾಯಿ. ತಾಮ್ರದ ಕೇಬಲ್ಲನ್ನೇ ಹಾಕಿದ್ದರೆ ಇನ್ನೂ ಇಪ್ಪತ್ತು ಸಾವಿರದ ಮೇಲೆ ಏರುತ್ತಿತ್ತು. 'ಉಚಿತ ಅಳವಡಿಕೆ' ಎಂದು ಮಾರಾಟದವರು ಹೇಳುವಾಗ ಅದರಲ್ಲಿ ಎಷ್ಟು ಮೀಟರ್ ಕೇಬಲ್ ಸೇರಿದೆ, ಯಾವ ದಪ್ಪದ್ದು, ಅರ್ತ್ ಗುಂಡಿ ಸೇರಿದೆಯೇ ಎಂಬ ಮೂರು ಪ್ರಶ್ನೆ ಕೇಳಿದರೆ, ಪೇಟೆಯ ಮನೆಯ ಉಚಿತಕ್ಕೂ ತೋಟದ ಮನೆಯ ಉಚಿತಕ್ಕೂ ಇರುವ ಅಂತರ ತಿಳಿಯುತ್ತದೆ.

ಮಂಜೂರಾತಿಯ ವಿಷಯಕ್ಕೆ ಬರೋಣ. ಕೊಡಗಿಗೆ ಕರೆಂಟು ಕೊಡುವುದು ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ನಾವು ಸೆಸ್ಕ್ ಎನ್ನುವುದು. ಬಿಲ್ಲಿನಲ್ಲಿ ಆರ್.ಆರ್. ನಂಬರಿನ ಜೊತೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಇರುತ್ತದೆ. ಮನೆಯ ಮೀಟರಿನಿಂದ ಸ್ವಂತ ಕಾರನ್ನು ಚಾರ್ಜ್ ಮಾಡಲು ಪ್ರತ್ಯೇಕ ಲೈಸೆನ್ಸ್ ಬೇಡ. ಆದರೆ ಎಳೆಯುವ ಲೋಡು ಮಂಜೂರಾತಿಯ ಒಳಗಿರಬೇಕು. ಅಣ್ಣನದು 3 ಕಿಲೋವ್ಯಾಟ್ ಇತ್ತು. 32 ಆಂಪಿಯರಿನ ಚಾರ್ಜರಿಗಾದರೆ ಅದನ್ನು 10ಕ್ಕೆ ಏರಿಸಬೇಕಿತ್ತು. 16 ಆಂಪಿಯರಿಗೆ ಇಳಿಸಿದ್ದರಿಂದ 6 ಕಿಲೋವ್ಯಾಟಿಗೆ ಅರ್ಜಿ ಹಾಕಿದರೆ ಸಾಕಾಯಿತು, ಗೀಸರ್ ಮತ್ತು ಕಾರು ಒಟ್ಟಿಗೆ ಓಡದಂತೆ ಚಾರ್ಜಿಂಗನ್ನು ರಾತ್ರಿ ಹತ್ತರ ನಂತರಕ್ಕೆ ಇಟ್ಟುಕೊಂಡರು. ಹೆಚ್ಚುವರಿ ಲೋಡಿನ ಅರ್ಜಿಯನ್ನು ಉಪವಿಭಾಗದ ಕಚೇರಿಗೆ, ಪರವಾನಗಿ ಹೊಂದಿದ ಗುತ್ತಿಗೆದಾರರು ಸಹಿ ಮಾಡಿದ ವೈರಿಂಗ್ ವರದಿಯೊಂದಿಗೆ ಕೊಡಬೇಕು. ಲೋಡು ಏರಿದಂತೆ ಠೇವಣಿಯೂ ಏರುತ್ತದೆ. ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 100 ರೂಪಾಯಿಗೂ ಹೆಚ್ಚು ಸ್ಥಿರ ಶುಲ್ಕ, ಕಾರು ಓಡಿಸಿದರೂ ಓಡಿಸದಿದ್ದರೂ, ಬಿಲ್ಲಿಗೆ ಸೇರುತ್ತದೆ. 10ರ ಬದಲು 6 ಸಾಕು ಎಂದಾದದ್ದರಿಂದ ವರ್ಷಕ್ಕೆ ಐದು ಸಾವಿರದಷ್ಟು ಉಳಿದಂತಾಯಿತು.

ಗೃಹಜ್ಯೋತಿಯ ಫಲಾನುಭವಿಗಳು ಇನ್ನೊಂದು ಲೆಕ್ಕ ಹಾಕಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚುವರಿ ಯೂನಿಟ್ಟುಗಳಿಗೆ ಮಾತ್ರವಲ್ಲ, ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ. ದಿನಕ್ಕೆ 10 ಯೂನಿಟ್ಟಿನಂತೆ 25 ದಿನ ಚಾರ್ಜ್ ಮಾಡಿದರೆ ಕಾರೊಂದೇ 250 ಯೂನಿಟ್ ಆಯಿತು. ಈವರೆಗೆ 110 ಯೂನಿಟ್ಟಿಗೆ ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ 360 ಯೂನಿಟ್ಟಿನ ಬಿಲ್ ಬರುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಎಂದು ಹಿಡಿದರೂ 2,160 ರೂಪಾಯಿ ಮತ್ತು ಅದರ ಮೇಲೆ ಸ್ಥಿರ ಶುಲ್ಕ. 2024ರಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ ಕಾರಿನ ಚಾರ್ಜಿಂಗಿಗೆ ಪ್ರತ್ಯೇಕ ಸಂಪರ್ಕ ಕೇಳುವ ಹಕ್ಕು ಗ್ರಾಹಕರಿಗಿದೆ. ಆಗ ಮನೆಯ ಮೀಟರ್ 200ರ ಒಳಗೇ ಉಳಿಯುತ್ತದೆ. ಪ್ರತ್ಯೇಕ ಮೀಟರಿನ ಠೇವಣಿ, ಸ್ಥಿರ ಶುಲ್ಕಗಳನ್ನು ಒಂದು ಕಡೆ, ಕಳೆದುಕೊಳ್ಳುವ ಸೌಲಭ್ಯವನ್ನು ಇನ್ನೊಂದು ಕಡೆ ಇಟ್ಟು ಉಪವಿಭಾಗದ ಕಚೇರಿಯಲ್ಲೇ ಲೆಕ್ಕ ಕೇಳಿ ನೋಡುವುದು ಒಳ್ಳೆಯದು. ಅದೇ ನಿಯಮಗಳು ಗುಡ್ಡಗಾಡಿನ ಗ್ರಾಮೀಣ ಪ್ರದೇಶದಲ್ಲಿ ಹೊಸ ಸಂಪರ್ಕಕ್ಕೆ 30 ದಿನಗಳ ಗಡುವು ಇಟ್ಟಿವೆ. ಕಾರು ಮನೆಗೆ ಬರುವ ದಿನಾಂಕದಿಂದ ಈ ಗಡುವಿನಷ್ಟು ದಿನ ಹಿಂದಕ್ಕೆ ಎಣಿಸಿ ಅರ್ಜಿ ಹಾಕಬೇಕು.

ತೋಟಕ್ಕೆ ನೀರು ಹಾಯಿಸುವ ಪಂಪ್‌ಸೆಟ್ಟಿನ ಸಂಪರ್ಕದಿಂದ ಕಾರಿಗೆ ತಂತಿ ಎಳೆಯುವ ಯೋಚನೆ ಮಾತ್ರ ಬೇಡ. ಅಲ್ಲಿ ತ್ರೀ ಫೇಸ್ ಇರುತ್ತದೆ, ಶೆಡ್ಡಿಗೂ ಹತ್ತಿರವಿರುತ್ತದೆ, ನಿಜ. ಆದರೆ ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನ ಪ್ರಕಾರ ಅನಧಿಕೃತ ಬಳಕೆ, ಮತ್ತು ಅದಕ್ಕೆ ವಿಧಿಸುವುದು ಆ ಬಳಕೆಗೆ ಅನ್ವಯವಾಗುವ ದರದ ಎರಡರಷ್ಟು.

ಮೀಟರಿನ ಆಚೆಗಿನ ತಡೆ ನಮ್ಮಲ್ಲಿದ್ದ 0.75 ಓಮಿಗಿಂತಲೂ ಹೆಚ್ಚಾಗಿ, ಒಂದೂವರೆ ಓಮಿನ ಹತ್ತಿರ ಬಂದರೆ 16 ಆಂಪಿಯರಿಗೂ 24 ವೋಲ್ಟ್ ಕುಸಿಯುತ್ತದೆ. ಅಂಥ ಮನೆಯವರು ಈ ಅಳತೆಗಳನ್ನು ಸಮಯದೊಂದಿಗೆ ಬರೆದು, ಸರ್ವಿಸ್ ವೈರ್ ಬದಲಿಸುವಂತೆಯೋ ಲೈನ್ ಬಲಪಡಿಸುವಂತೆಯೋ ಲಿಖಿತವಾಗಿ ಕೇಳಬೇಕು. 'ವೋಲ್ಟೇಜ್ ಕಡಿಮೆ' ಎಂಬ ಬಾಯಿಮಾತಿನ ದೂರಿಗಿಂತ 'ಸಂಜೆ ಏಳಕ್ಕೆ ಮೀಟರ್ ಬೋರ್ಡಿನಲ್ಲಿ ಖಾಲಿ 224, 8 ಆಂಪಿಯರ್ ಭಾರಕ್ಕೆ 212' ಎಂಬ ಬರಹವನ್ನು ಎಂಜಿನಿಯರ್ ಬೇಗ ಅರ್ಥಮಾಡಿಕೊಳ್ಳುತ್ತಾರೆ. ಅಲ್ಲಿಯವರೆಗೆ ಪೋರ್ಟಬಲ್ ಚಾರ್ಜರಿನಲ್ಲಿ 10 ಆಂಪಿಯರಿಗೆ ಇಳಿಸಿ ನಡೆಸಬಹುದು. ದಿನಕ್ಕೆ 60 ಕಿಲೋಮೀಟರಿನ ಓಡಾಟಕ್ಕೆ ಆಗಲೂ ಐದು ಗಂಟೆಯ ಚಾರ್ಜಿಂಗ್ ಸಾಕಾಗುತ್ತದೆ.

ಅಣ್ಣನ ಶೆಡ್ಡಿನಲ್ಲಿ ಕೆಲಸ ಮುಗಿದ ಮೊದಲ ರಾತ್ರಿ ಹತ್ತೂವರೆಗೆ ಚಾರ್ಜಿಂಗ್ ನಡೆಯುತ್ತಿರುವಾಗ ಸ್ವಿಚ್ ಪೆಟ್ಟಿಗೆಯಲ್ಲಿ ಅಳೆದೆವು: 211 ವೋಲ್ಟ್, ಲೆಕ್ಕಕ್ಕಿಂತ ಒಂದು ವೋಲ್ಟ್ ಮೇಲೆ. ನ್ಯೂಟ್ರಲ್ ಮತ್ತು ಅರ್ತಿನ ನಡುವೆ 6 ವೋಲ್ಟ್ ಇತ್ತು. ಅರ್ತ್ ಗುಂಡಿಯನ್ನು ಬರುವ ಮಾರ್ಚಿನಲ್ಲಿ ಇನ್ನೊಮ್ಮೆ ಅಳೆಯಬೇಕೆಂದು ವೈರ್‌ಮನ್ ಪೆಟ್ಟಿಗೆಯ ಬಾಗಿಲ ಒಳಬದಿಯಲ್ಲಿ ದಿನಾಂಕ ಬರೆದಿಟ್ಟು ಹೋದರು.